ಸಂಪಿನ ನೀರು ಯಾವ ಗೆರೆಗೆ ಬಂದು ನಿಲ್ಲುತ್ತದೆ: ಸೋರಿಕೆ ಹುಡುಕುವ ಕ್ರಮ

"ಬೇಸಿಗೆಯಲ್ಲಿ ನೀರು ಹೊರಗೆ ಹೋಗ್ತದೆ, ಮಳೆಗಾಲದಲ್ಲಿ ಒಳಗೆ ಬರ್ತದೆ. ಇದೆಂಥ ಟಾಂಕಿ ತಮಾ?"

ಕಾರವಾರದ ಕೋಡಿಬಾಗದಲ್ಲಿ ನಿವೃತ್ತ ಮಾಸ್ತರೊಬ್ಬರು ತಮ್ಮ ಮನೆಯ ಸಂಪಿನ ಮುಚ್ಚಳ ತೆಗೆದು ತೋರಿಸುತ್ತ ಕೇಳಿದ ಮಾತು ಇದು. ಆಗ ಏಪ್ರಿಲ್ ಕೊನೆಯ ವಾರ. ಸಂಪು ಕಟ್ಟಿ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಎರಡು ಸಲ ರಿಪೇರಿ ಮಾಡಿಸಿದ್ದರು. ಮೊದಲ ಸಲ ಒಳಗೋಡೆಗೆ ವಾಟರ್‌ಪ್ರೂಫ್ ಬಣ್ಣ ಬಳಿಸಿದರು, ಅದು ಮುಂದಿನ ಜುಲೈಯಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಎರಡನೇ ಸಲ ಬಿಳಿ ಟೈಲ್ಸ್ ಹಾಕಿಸಿದರು. ಸೋರಿಕೆ ಇದ್ದ ಹಾಗೇ ಇತ್ತು, ಕಾಣುವುದು ಮಾತ್ರ ನಿಂತುಹೋಗಿತ್ತು.

ಮಾಸ್ತರ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಕರಾವಳಿಯಲ್ಲಿ ನೆಲದೊಳಗಿನ ನೀರು ಮೇ ತಿಂಗಳಲ್ಲಿ ಸಂಪಿನ ತಳಕ್ಕಿಂತ ಕೆಳಗಿರುತ್ತದೆ, ಜುಲೈಯಲ್ಲಿ ಅಂಗಳದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ನೀರು ಹೋಗುವುದೂ ಬರುವುದೂ ಅದೇ ತೂತಿನಿಂದ. ಒತ್ತಡ ಒಳಗಿನಿಂದ ಹೆಚ್ಚಿದ್ದಾಗ ನೀರು ಹೊರಗೆ ಹೋಗುತ್ತದೆ, ಹೊರಗಿನಿಂದ ಹೆಚ್ಚಿದ್ದಾಗ ಒಳಗೆ ಬರುತ್ತದೆ. ಒಳಗಿನಿಂದ ಬಳಿದ ಬಣ್ಣವನ್ನು ಬೇಸಿಗೆಯಲ್ಲಿ ಟಾಂಕಿಯ ನೀರೇ ಗೋಡೆಗೆ ಒತ್ತಿ ಹಿಡಿದಿರುತ್ತದೆ. ಮಳೆಗಾಲದಲ್ಲಿ ಸಂಪು ಸ್ವಲ್ಪ ಖಾಲಿಯಾದರೂ ಹೊರಗಿನ ನೀರು ಕಾಂಕ್ರೀಟಿನ ಮೂಲಕ ಬಂದು ಅದನ್ನು ಬೆನ್ನಿನಿಂದ ದೂಡುತ್ತದೆ. ಹಾಗಾಗಿ ಬಣ್ಣದ ಡಬ್ಬಿಗೆ ಕೈ ಹಾಕುವ ಮೊದಲು ತೂತು ಎಲ್ಲಿದೆ ಎಂದು ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಒಂದು ಅಳತೆ ಪಟ್ಟಿ, ಒಂದು ಪುಸ್ತಕ, ಸುಮಾರು ಎರಡು ವಾರದ ತಾಳ್ಮೆ.

ಮೊದಲು ಕಾಂಕ್ರೀಟಿನದಲ್ಲದ ಕಾರಣಗಳನ್ನು ಕಳೆಯಿರಿ

ಸಂಪಿಗೆ ನೀರು ಬರುವ ಮತ್ತು ಹೋಗುವ ಎಲ್ಲ ದಾರಿ ಮುಚ್ಚಬೇಕು. ನಲ್ಲಿಯ ನೀರು ಬರುವ ವಾಲ್ವ್ ಬಂದ್ ಮಾಡಿ, ಫ್ಲೋಟ್ ವಾಲ್ವ್ ಮೇಲೆ ನಂಬಿಕೆ ಇಡಬೇಡಿ. ಅದು ಹನಿ ಹನಿಯಾಗಿ ನೀರು ಬಿಡುತ್ತಿದ್ದರೆ ನಿಜವಾದ ಸೋರಿಕೆ ಲೆಕ್ಕಕ್ಕೆ ಸಿಗುವುದಿಲ್ಲ. ಪಂಪಿನ ಸ್ವಿಚ್ ಅಲ್ಲ, ಫ್ಯೂಸ್ ತೆಗೆಯಿರಿ, ಮನೆಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಒತ್ತಿಬಿಡುತ್ತಾರೆ. ಮೇಲಿನ ಟಾಂಕಿಗೆ ಹೋಗುವ ಪೈಪಿನ ವಾಲ್ವ್ ಸಹ ಬಂದ್ ಇರಲಿ. ಕೆಲವು ಮನೆಗಳಲ್ಲಿ ಆ ಪೈಪನ್ನು ಟಾಂಕಿಯ ತಳಕ್ಕೆ ಜೋಡಿಸಿರುತ್ತಾರೆ. ಅಲ್ಲಿ ವಾಲ್ವ್ ಸರಿ ಇಲ್ಲದಿದ್ದರೆ ಮೇಲಿನ ನೀರು ರಾತ್ರಿ ಹಿಂದಕ್ಕೆ ಇಳಿದು ಸಂಪು ತುಂಬುತ್ತದೆ, ನಮ್ಮ ಅಳತೆ ಪೂರ್ತಿ ಸುಳ್ಳಾಗುತ್ತದೆ.

ಮುಚ್ಚಳವಿರುವ ಸಂಪಿನಲ್ಲಿ ಆವಿಯಾಗಿ ಹೋಗುವ ನೀರು ಗಣನೆಗೆ ಬರುವಷ್ಟಿರುವುದಿಲ್ಲ. ಈಜುಕೊಳದ್ದು ಬೇರೆ ಕಥೆ, ಅದನ್ನು ಕೊನೆಗೆ ಹೇಳುತ್ತೇನೆ.

ಅಳತೆ: ಒಂದು ಸೆಂಟಿಮೀಟರ್ ಎಂದರೆ ಎಷ್ಟು ಲೀಟರ್

ಮಾಸ್ತರ ಸಂಪು ಒಳಗಿನಿಂದ 3 ಮೀಟರ್ ಉದ್ದ, 2 ಮೀಟರ್ ಅಗಲ, 1.8 ಮೀಟರ್ ಆಳ. ತಳದ ವಿಸ್ತೀರ್ಣ 6 ಚದರ ಮೀಟರ್, ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್ ಹೋಯಿತು. ಈ ಲೆಕ್ಕವನ್ನು ನಿಮ್ಮ ಟಾಂಕಿಗೆ ಮೊದಲೇ ಮಾಡಿಟ್ಟುಕೊಳ್ಳಿ. "ದಿನಾ ತುಂಬ ಹೋಗ್ತದೆ" ಎನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ.

ಸ್ಟೀಲ್ ಪಟ್ಟಿಯೊಂದನ್ನು ಗೋಡೆಗೆ ನೇರವಾಗಿ ಅಂಟಿಸಿ, ಅದರ ಸೊನ್ನೆ ತಳಕ್ಕೆ ತಾಗಿರಲಿ. ನೀರು ತುಂಬಿಸಿದ ಮೇಲೆ ಕಾಂಕ್ರೀಟು ಸ್ವಲ್ಪ ನೀರು ಕುಡಿಯುತ್ತದೆ, ಅದನ್ನು ಸೋರಿಕೆ ಎಂದು ಎಣಿಸಬಾರದು. ನೀರಿನ ಟಾಂಕಿಗಳಿಗಿರುವ ಭಾರತೀಯ ಮಾನಕ ಐಎಸ್ 3370 ಸಂಹಿತೆ ಹೊಸ ಟಾಂಕಿಗೆ ಇದಕ್ಕಾಗಿಯೇ 7 ದಿನ ಬಿಡಲು ಹೇಳುತ್ತದೆ. ಆಮೇಲೆ 7 ದಿನ, 24 ತಾಸಿಗೊಮ್ಮೆ ಅಳತೆ. ಮುಚ್ಚಳವಿರುವ ನೆಲದೊಳಗಿನ ಟಾಂಕಿಯಲ್ಲಿ ಆ ಏಳು ದಿನದ ಒಟ್ಟು ಇಳಿತ 40 ಮಿಲಿಮೀಟರ್ ಮೀರದಿದ್ದರೆ ಸಾಮಾನ್ಯವಾಗಿ ನೀರು ಹಿಡಿಯುತ್ತದೆ ಎಂದು ಒಪ್ಪುತ್ತಾರೆ. ಮಾಸ್ತರ ಸಂಪು ಹಳೆಯದು, ಒದ್ದೆಯಾಗಿಯೇ ಇದ್ದದ್ದು. ಹಾಗಾಗಿ ಮೂರು ದಿನ ಬಿಟ್ಟು, ಮತ್ತೆ 160 ಸೆಂಟಿಮೀಟರಿಗೆ ತುಂಬಿಸಿ ಶುರು ಮಾಡಿದೆವು. ಬೆಳಿಗ್ಗೆ ಆರು ಗಂಟೆಗೆ ಅಳತೆ ಬರೆಯುವ ಕೆಲಸ ಮಾಸ್ತರ ಹೆಂಡತಿ ಅಕ್ಕೋರು ವಹಿಸಿಕೊಂಡರು. ಅವರ ಪುಸ್ತಕದಲ್ಲಿದ್ದ ಅಂಕಿ ಇವು:

| ದಿನ | ಮಟ್ಟ (ಸೆಂ.ಮೀ.) | ಇಳಿತ (ಸೆಂ.ಮೀ.) |
|---|---|---|
| ಶುರು | 160 | – |
| 1 | 148.5 | 11.5 |
| 2 | 138.5 | 10 |
| 3 | 130 | 8.5 |
| 4 | 123 | 7 |
| 5 | 117.5 | 5.5 |
| 6 | 113.5 | 4 |
| 7 | 111 | 2.5 |
| 8 | 109 | 2 |
| 9 | 107 | 2 |

ಏಳು ದಿನಕ್ಕೆ 49 ಸೆಂಟಿಮೀಟರ್. ಮಿತಿ 4 ಸೆಂಟಿಮೀಟರ್. ಸೋರುತ್ತಿದೆ ಎನ್ನುವುದಕ್ಕೆ ಇನ್ನೇನೂ ಬೇಡ, ಆದರೆ ನಾನು ನೋಡುತ್ತಿದ್ದದ್ದು ಒಟ್ಟು ಮೊತ್ತವನ್ನಲ್ಲ. ನೀರಿನ ಮಟ್ಟ ಇಳಿದಂತೆ ತೂತಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಸೋರಿಕೆಯೂ ನಿಧಾನವಾಗುತ್ತದೆ. ಮಟ್ಟ ತೂತಿಗೆ ಬಂದ ಕೂಡಲೇ ಆ ತೂತಿನ ಪಾಲಿನ ಸೋರಿಕೆ ಪೂರ್ತಿ ನಿಲ್ಲುತ್ತದೆ. ಇಲ್ಲಿ ಇಳಿತ 11.5ರಿಂದ ಶುರುವಾಗಿ ಪ್ರತಿದಿನ ಒಂದೂವರೆ ಸೆಂಟಿಮೀಟರಿನಷ್ಟು ಕಡಿಮೆಯಾಗುತ್ತ ಬಂದು, 111ರ ಹತ್ತಿರ ಬಂದ ಮೇಲೆ ದಿನಕ್ಕೆ 2 ಎಂಬಲ್ಲಿ ನಿಂತುಬಿಟ್ಟಿತು. ಒಂದೇ ತೂತಾಗಿದ್ದರೆ ಅದು ಸೊನ್ನೆಗೆ ಬರಬೇಕಿತ್ತು. ಅಂದರೆ ತೂತು ಎರಡು: ಒಂದು ದೊಡ್ಡದು, 110 ಮತ್ತು 113ರ ನಡುವೆ ಎಲ್ಲೋ ಇದೆ. ಇನ್ನೊಂದು ಸಣ್ಣದು, ಇನ್ನೂ ಕೆಳಗಿದೆ.

ಈ ಕೊನೆಯ ವಾಕ್ಯ ಎಷ್ಟು ಮುಖ್ಯ ಎಂದರೆ, ಆ ದಿನ ನಾವು ದೊಡ್ಡ ತೂತನ್ನು ಮುಚ್ಚಿ ಕೈತೊಳೆದುಕೊಂಡಿದ್ದರೆ ಮಾಸ್ತರಿಗೆ ಬೇಸಿಗೆಯಲ್ಲಿ ನೀರು ಉಳಿಯುತ್ತಿತ್ತು, ಮಳೆಗಾಲದಲ್ಲಿ ಕೆಸರು ನೀರು ಬರುವುದು ಹಾಗೇ ಮುಂದುವರಿಯುತ್ತಿತ್ತು. ಹಿಂದಿನ ಎರಡೂ ರಿಪೇರಿಯಲ್ಲಿ ಯಾರೂ ಒಂದು ದಿನವೂ ಅಳತೆ ತೆಗೆದಿರಲಿಲ್ಲ.

ದೊಡ್ಡ ತೂತು: ಗೋಡೆ ದಾಟುವ ಪೈಪು

ತಳದಿಂದ 112 ಸೆಂಟಿಮೀಟರ್ ಎತ್ತರದಲ್ಲಿ ಗೋಡೆಯನ್ನು ದಾಟಿ ಪಂಪಿನ ಗುಂಡಿಗೆ ಹೋಗುವ ಪಿವಿಸಿ ಪೈಪಿತ್ತು. ಟೈಲ್ಸ್ ಕೆತ್ತಿ ನೋಡಿದರೆ ಗೊತ್ತಾಯಿತು, ಕಾಂಕ್ರೀಟು ಹಾಕುವಾಗ ಪೈಪಿಗೆ ಜಾಗ ಬಿಟ್ಟಿರಲಿಲ್ಲ. ಆಮೇಲೆ ಗೋಡೆ ಒಡೆದು ಪೈಪು ತೂರಿಸಿ, ಸುತ್ತ ಗಾರೆ ತುಂಬಿದ್ದರು. ನುಣ್ಣನೆಯ ಪಿವಿಸಿಯನ್ನು ಸಿಮೆಂಟು ಕಚ್ಚಿ ಹಿಡಿಯುವುದಿಲ್ಲ. ಗಾರೆ ಒಣಗಿ ಸ್ವಲ್ಪ ಕುಗ್ಗುತ್ತದೆ, ಪಂಪು ನಡೆದಾಗಲೆಲ್ಲ ಪೈಪು ನಡುಗುತ್ತದೆ, ಸುತ್ತಲೂ ಕೂದಲೆಳೆಯಷ್ಟು ಸಂದು ಬಿಟ್ಟುಕೊಳ್ಳುತ್ತದೆ. ಆ ಸಂದಿನಲ್ಲಿ ಮೊದಲ ದಿನ ಹೋದ ನೀರೇ ಸುಮಾರು 500 ಲೀಟರ್.

ಗೋಡೆ ದಾಟುವ ಜಾಗದಲ್ಲಿ ಪಡ್ಲ್ ಫ್ಲೇಂಜ್ ಇರುವ ಜಿಐ ಪೈಪಿನ ತುಂಡನ್ನು ಕಾಂಕ್ರೀಟು ಹಾಕುವಾಗಲೇ ಕೂರಿಸಬೇಕು. ಪಡ್ಲ್ ಫ್ಲೇಂಜ್ ಎಂದರೆ ಪೈಪಿನ ಸುತ್ತ ಬೆಸುಗೆ ಹಾಕಿದ ಕಬ್ಬಿಣದ ಬಿಲ್ಲೆ. ಅದು ಗೋಡೆಯ ದಪ್ಪದ ನಡುವೆ ಬರಬೇಕು. ಪೈಪಿನ ಮೈಗುಂಟ ಬರುವ ನೀರಿಗೆ ಅಲ್ಲಿ ಅಡ್ಡ ಗೋಡೆ ಸಿಗುತ್ತದೆ. ಇಲ್ಲಿ ಹಳೆಯ ಗಾರೆಯನ್ನೆಲ್ಲ ತೆಗೆದು, ಹೊಸ ತುಂಡನ್ನು ಕೂರಿಸಿ, ಸಂದು ತುಂಬುವ ತೆಳು ಗಾರೆಯಾದ ಕುಗ್ಗದ ಗ್ರೌಟ್ ಸುರಿದು ತುಂಬಿದೆವು. ಬರೀ ಸಿಮೆಂಟು ರೇತಿಯ ಗಾರೆ ಇಲ್ಲಿ ಬೇಡವೇ ಬೇಡ.

ಸಣ್ಣ ತೂತು: ತಳ ಮತ್ತು ಗೋಡೆ ಸೇರುವ ಗೆರೆ

ದಿನಕ್ಕೆ 2 ಸೆಂಟಿಮೀಟರಿನಂತೆ ಕಾಯುತ್ತ ಕುಳಿತರೆ ಮಳೆಯೇ ಬರುತ್ತಿತ್ತು. ಹಾಗಾಗಿ ಪಂಪು ಹಚ್ಚಿ ಮಟ್ಟವನ್ನು ನಾವೇ ಇಳಿಸಿದೆವು. 60 ಸೆಂಟಿಮೀಟರಿಗೆ ತಂದು ಒಂದು ದಿನ ಬಿಟ್ಟಾಗ 9 ಮಿಲಿಮೀಟರ್ ಇಳಿಯಿತು. 30ಕ್ಕೆ ತಂದಾಗ 3 ಮಿಲಿಮೀಟರ್. 14ಕ್ಕೆ ತಂದು ಎರಡು ದಿನ ಬಿಟ್ಟೆವು, ಪಟ್ಟಿಯ ಮೇಲೆ ಗೆರೆ ಕದಲಲಿಲ್ಲ. ಅಂದರೆ ತಳದ ಕಾಂಕ್ರೀಟು ಗಟ್ಟಿಯಾಗಿದೆ, ತೂತು 15ರ ಆಸುಪಾಸು ಇದೆ. ಅಲ್ಲೇ ಕಿಕ್ಕರ್ ಮುಗಿದು ಗೋಡೆ ಶುರುವಾಗುವುದು.

ಕಿಕ್ಕರ್ ಎಂದರೆ ತಳದ ಸ್ಲ್ಯಾಬಿನ ಜೊತೆಗೇ ಒಂದೇ ಸಲ ಹಾಕುವ 10ರಿಂದ 15 ಸೆಂಟಿಮೀಟರ್ ಎತ್ತರದ ಗೋಡೆಯ ಬುಡ. ತಳ ಹಾಕಿದ ದಿನ ಗೋಡೆ ಹಾಕಲು ಆಗುವುದಿಲ್ಲ, ಆದ್ದರಿಂದ ಒಂದು ಜೋಡಣೆ ಬಂದೇ ಬರುತ್ತದೆ. ಅದು ಸರಿಯಾಗಿ ಮೂಲೆಯಲ್ಲಿ ಬರದೆ ಸ್ವಲ್ಪ ಮೇಲೆ ಬರಲಿ, ನೀರು ತಡೆಯಲು ಜೋಡಣೆಯೊಳಗೆ ಹೂಳುವ ಪಟ್ಟಿಯಾದ ವಾಟರ್ ಸ್ಟಾಪ್ ಕೂರಿಸಲು ಜಾಗ ಸಿಗಲಿ, ಶಟರಿಂಗ್ ಬಿಗಿಯಾಗಿ ಹಿಡಿಯಲಿ ಎಂದು ಕಿಕ್ಕರ್ ಮಾಡುತ್ತಾರೆ.

ಸಂಪು ಖಾಲಿ ಮಾಡಿದೆವು. ಒಳಗೆ ಇಳಿಯುವ ಮೊದಲು ಎರಡೂ ಮುಚ್ಚಳ ರಾತ್ರಿಯಿಡೀ ತೆರೆದಿದ್ದವು, ಬ್ಲೋವರ್‌ನಿಂದ ಗಾಳಿ ಹೊಡೆಸಿದೆವು, ಮೇಲೆ ಒಬ್ಬ ಹಗ್ಗ ಹಿಡಿದು ನಿಂತಿದ್ದ, ಒಳಗೆ ಬ್ಯಾಟರಿ ಬೆಳಕು ಮಾತ್ರ. ಇದನ್ನು ಯಾರೂ ಉಪಚಾರದ ಮಾತೆಂದು ತಿಳಿಯಬಾರದು. ಮುಚ್ಚಿಟ್ಟ ಸಂಪಿನಲ್ಲಿ, ಅದರಲ್ಲೂ ಸೆಂಟ್ರಿಂಗ್ ಹಲಗೆ ಒಳಗೇ ಕೊಳೆಯುತ್ತಿರುವ ಹೊಸ ಸಂಪಿನಲ್ಲಿ, ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

ಕೆಳಗಿನ ಎರಡು ಸಾಲು ಟೈಲ್ಸ್ ಸುತ್ತಲೂ ಕಿತ್ತು, ಗೋಡೆಯನ್ನು ಬ್ಲೋವರ್‌ನಿಂದ ಒಣಗಿಸಿ ಒಂದು ದಿನ ಬಿಟ್ಟೆವು. ಗಟ್ಟಿ ಕಾಂಕ್ರೀಟು ಒಣಗಿ ಬೂದಿ ಬಣ್ಣಕ್ಕೆ ಬರುತ್ತದೆ. ಒಳಗೆ ಟೊಳ್ಳಿದ್ದಲ್ಲಿ ಸೇರಿಕೊಂಡ ನೀರು ಹಿಂದಕ್ಕೆ ಒಸರುತ್ತ ಆ ಜಾಗ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಬಡಗಣ ಮೂಲೆಯಿಂದ ಸುಮಾರು 80 ಸೆಂಟಿಮೀಟರ್ ಉದ್ದಕ್ಕೆ, 15ರ ಗೆರೆಯ ಮೇಲೆ, ಅಂಥ ಕಪ್ಪು ಪಟ್ಟಿ ಉಳಿದಿತ್ತು. ಸುತ್ತಿಗೆಯಿಂದ ತಟ್ಟಿದರೆ ಉಳಿದ ಕಡೆ ಠಣ್ ಎನ್ನುತ್ತಿತ್ತು, ಅಲ್ಲಿ ಡಬ್ ಎನ್ನುತ್ತಿತ್ತು.

ಉಳಿ ಹಚ್ಚಿ ಕೆತ್ತಿದಾಗ ಕಂಡದ್ದು ಹೀಗೆ. ಮೇಲಿನ ಒಂದು ಇಂಚು ಮಾತ್ರ ನಯವಾದ ಗಾರೆ, ಅದರ ಹಿಂದೆ ಸಿಮೆಂಟಿಲ್ಲದ ಬರೀ ಖಡಿ, ಜೇನುಗೂಡಿನ ಹಾಗೆ ತೂತು ತೂತು. ಇನ್ನೂ ಒಳಗೆ, ಗೋಡೆಯ ನಡುವೆ ನೆಟ್ಟಗೆ ನಿಂತಿರಬೇಕಿದ್ದ ಪಿವಿಸಿ ವಾಟರ್ ಸ್ಟಾಪ್ ಒಂದು ಬದಿಗೆ ಮಡಚಿ ಕಿಕ್ಕರಿನ ಮೇಲೆ ಮಲಗಿತ್ತು. ಅದರ ಅಡಿಯಲ್ಲಿ ಮರದ ಹೊಟ್ಟು, ಒಂದು ಒಣಗಿದ ಗೇರೆಲೆ. ಎಲೆಯ ನರ ನರವೂ ಕಾಂಕ್ರೀಟಿನ ಮೇಲೆ ಅಚ್ಚಾಗಿತ್ತು. ಕಿಕ್ಕರಿನ ಮೇಲ್ಮೈ ನುಣುಪಾಗಿತ್ತು. ಸಿಮೆಂಟಿನ ಹಾಲು ಮೇಲೆ ಬಂದು ಹೆಪ್ಪುಗಟ್ಟಿದ ಪದರವನ್ನು ಯಾರೂ ಕೆತ್ತಿ ತೆಗೆದಿರಲಿಲ್ಲ.

ನಾಲ್ಕು ತಪ್ಪೂ ಒಂದೇ ಕಡೆ ಸೇರಿದ್ದವು, ಒಂದರಿಂದ ಇನ್ನೊಂದು ಹುಟ್ಟಿತ್ತು. ವಾಟರ್ ಸ್ಟಾಪಿನ ಮೇಲಿನ ಅರ್ಧವನ್ನು ಸರಳಿಗೆ ತಂತಿಯಿಂದ ಕಟ್ಟಿರಲಿಲ್ಲ. ಗೋಡೆಯ ಕಾಂಕ್ರೀಟನ್ನು ಮೇಲಿನಿಂದ ಒಂದೇ ಸಲ ಸುರಿದಾಗ ಅದು ಮಡಚಿತು. ಮಡಚಿದ ಪಟ್ಟಿಯ ಅಡಿಗೆ ಕಾಂಕ್ರೀಟು ಹೋಗಲಿಲ್ಲ. ಸುರಿದ ರಭಸಕ್ಕೆ ಖಡಿ ಮೊದಲು ಕೆಳಗೆ ಬಿತ್ತು, ಗಾರೆ ಶಟರಿಂಗಿನ ಬುಡದ ಸಂದಿನಿಂದ ಹೊರಗೆ ಹರಿದುಹೋಯಿತು. ವೈಬ್ರೇಟರ್ ಮೂಲೆಗೆ ತಲುಪಲಿಲ್ಲ.

ಅದೃಷ್ಟಕ್ಕೆ ಸರಳು ಮೇಲ್ಮೈಯಲ್ಲಿ ಮಾತ್ರ ತುಕ್ಕು ಹಿಡಿದಿತ್ತು. ತಂತಿ ಬ್ರಶ್ಶಿನಿಂದ ಉಜ್ಜಿದಾಗ ದಪ್ಪ ಕಡಿಮೆಯಾದದ್ದು ಕಾಣಲಿಲ್ಲ. ಗೋಡೆಯ ಮೇಲೆ ಕಂದು ಗೆರೆ ಇಳಿದಿದ್ದರೆ, ತುಕ್ಕು ಉಬ್ಬಿ ಕಾಂಕ್ರೀಟು ಸೀಳಿದ್ದರೆ, ಅದು ಸೋರಿಕೆ ರಿಪೇರಿಯ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕಾದ ಕೆಲಸ. ಉಪ್ಪು ನೀರಿನ ಹತ್ತಿರ ಇದು ಬೇಗ ಬರುತ್ತದೆ.

ಮುಚ್ಚಿದ ಬಗೆ, ಅದರ ಮಿತಿ

ಟೊಳ್ಳು ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೆ ಕೆತ್ತಿ ತೆಗೆದೆವು. ಆ 80 ಸೆಂಟಿಮೀಟರ್ ಮಾತ್ರವಲ್ಲದೆ ಅದರ ಎರಡೂ ಬದಿಗೆ ಇನ್ನೊಂದು ಮೀಟರ್, ಜೋಡಣೆಯ ಗೆರೆಗುಂಟ, 12 ಮಿಲಿಮೀಟರಿನ ರಂಧ್ರಗಳನ್ನು ಸುಮಾರು 20 ಸೆಂಟಿಮೀಟರಿಗೊಂದರಂತೆ ಕೊರೆದೆವು. ರಂಧ್ರ ಗೆರೆಯ ಮೇಲೇ ಕೊರೆಯುವುದಲ್ಲ. ಗೆರೆಗಿಂತ ಸ್ವಲ್ಪ ಮೇಲಿನಿಂದ ಓರೆಯಾಗಿ ಕೊರೆದು, ಗೋಡೆಯ ನಡುವೆ ಜೋಡಣೆಯನ್ನು ಅದು ಕತ್ತರಿಸುವ ಹಾಗೆ ಮಾಡಬೇಕು. ಆಗ ಗ್ರೌಟು ಒಳಗಿನಿಂದ ಎರಡೂ ಕಡೆಗೆ ಹರಡುತ್ತದೆ. ಕೆತ್ತಿದ ಜಾಗವನ್ನು ಪಾಲಿಮರ್ ಗಾರೆಯಿಂದ ತುಂಬಿ, ಅದು ಗಟ್ಟಿಯಾದ ಮೇಲೆ ರಂಧ್ರಗಳ ಮೂಲಕ ಪಾಲಿಯುರೆಥೇನ್ ಎಂದರೆ ಪಿಯು ಗ್ರೌಟನ್ನು ಕೈಪಂಪಿನಿಂದ ಒತ್ತಿದೆವು. ಒಂದು ರಂಧ್ರದಲ್ಲಿ ಒತ್ತಿದ್ದು ಪಕ್ಕದ ರಂಧ್ರದಲ್ಲಿ ಕಾಣಿಸಿಕೊಂಡರೆ ನಡುವಿನ ಜಾಗ ತುಂಬಿತು ಎಂದು ಅರ್ಥ.

ಇಲ್ಲಿ ಎಪಾಕ್ಸಿ ಏಕೆ ಅಲ್ಲ ಎಂದು ಮಾಸ್ತರು ಕೇಳಿದರು. ಎಪಾಕ್ಸಿ ಒಣಗಿದ ಬಿರುಕನ್ನು ಕಲ್ಲಿನ ಹಾಗೆ ಬೆಸೆಯುತ್ತದೆ. ಈ ಜೋಡಣೆ ಒಳಗೆ ಎಷ್ಟು ಒಣಗಿದೆ ಎಂದು ನಾವು ಆಣೆ ಹಾಕಿ ಹೇಳುವ ಹಾಗಿರಲಿಲ್ಲ. ಪಿಯು ಗ್ರೌಟಿಗೆ ಒದ್ದೆ ಇದ್ದರೆ ತೊಂದರೆ ಇಲ್ಲ, ನೀರು ತಾಗಿಯೇ ಅದು ಉಬ್ಬಿ ಗಟ್ಟಿಯಾಗುವುದು. ಆಮೇಲೆ ಗೆರೆಯ ಮೇಲೂ ಕೆಳಗೂ 30 ಸೆಂಟಿಮೀಟರ್ ಅಗಲಕ್ಕೆ, ಸುತ್ತಲೂ, ಕ್ರಿಸ್ಟಲೈನ್ ಸಿಮೆಂಟ್ ಲೇಪ ಎರಡು ಕೈ. ಇದು ಬಣ್ಣದ ಹಾಗೆ ಹಾಳೆಯಾಗಿ ಕೂರುವುದಿಲ್ಲ. ಕಾಂಕ್ರೀಟಿನ ಸಣ್ಣ ರಂಧ್ರಗಳ ಒಳಗೆ ಹರಳು ಬೆಳೆಸುತ್ತದೆ, ಹಾಗಾಗಿ ಬೆನ್ನಿನಿಂದ ಬರುವ ಒತ್ತಡಕ್ಕೂ ನಿಲ್ಲುತ್ತದೆ. ಕುಡಿಯುವ ನೀರಿನ ಟಾಂಕಿ ಆದ್ದರಿಂದ ಗ್ರೌಟು ಮತ್ತು ಲೇಪ ಎರಡಕ್ಕೂ ಕುಡಿಯುವ ನೀರಿಗೆ ಯೋಗ್ಯ ಎಂಬ ಪ್ರಮಾಣಪತ್ರ ನೋಡಿಯೇ ತಂದೆವು.

ಮಡಚಿದ ವಾಟರ್ ಸ್ಟಾಪನ್ನು ಮಾತ್ರ ಈಗ ಯಾರಿಂದಲೂ ನೆಟ್ಟಗೆ ಮಾಡಲು ಆಗುವುದಿಲ್ಲ. ನಾವು ಮಾಡಿದ್ದು ಅದರ ಸುತ್ತಲಿನ ದಾರಿ ಮುಚ್ಚುವ ಕೆಲಸ. ಇದನ್ನು ಮಾಸ್ತರಿಗೆ ಮೊದಲೇ ಹೇಳಿದ್ದೆ.

ಕಟ್ಟುವಾಗಲೇ ಇದು ಬರದ ಹಾಗೆ

ಮಿಶ್ರಣದ ಬಗ್ಗೆ ಎಲ್ಲರೂ ಮೊದಲು ಕೇಳುವುದು "ಯಾವ ವಾಟರ್‌ಪ್ರೂಫ್ ಪೌಡರ್ ಹಾಕಬೇಕು" ಎಂದು. ಪೌಡರಿಗಿಂತ ಮೊದಲು ನೀರಿನ ಲೆಕ್ಕ ಬರಬೇಕು. ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋಗಿ, ಅದು ಇದ್ದ ಜಾಗ ನಾಳದ ಹಾಗೆ ಉಳಿಯುತ್ತದೆ. ನೀರಿನ ಟಾಂಕಿಯ ಆರ್‌ಸಿಸಿಗೆ ಕನಿಷ್ಠ ಎಂ30 ದರ್ಜೆ, ಘನ ಮೀಟರಿಗೆ 320 ಕೆಜಿಗಿಂತ ಕಡಿಮೆಯಿಲ್ಲದ ಸಿಮೆಂಟು, ಸಿಮೆಂಟಿನ ತೂಕದ 0.45ಕ್ಕಿಂತ ಹೆಚ್ಚಿಲ್ಲದ ನೀರು. ಅಂದರೆ 50 ಕೆಜಿಯ ಒಂದು ಚೀಲಕ್ಕೆ ಒಟ್ಟು 22.5 ಲೀಟರ್. ಈ "ಒಟ್ಟು" ಎನ್ನುವಲ್ಲಿ ನಮ್ಮ ಕಡೆ ತಪ್ಪುತ್ತದೆ. ಒಂದು ಚೀಲಕ್ಕೆ 75 ಕೆಜಿ ರೇತಿ ಹಾಕುತ್ತೀರಿ, ಅದು ಶೇಕಡಾ 5ರಷ್ಟು ಒದ್ದೆ ಇದೆ ಎಂದರೆ ಸುಮಾರು ಮೂರೂವರೆ ಲೀಟರ್ ನೀರು ರೇತಿಯ ಜೊತೆಗೇ ಬಂದಾಯಿತು. ಮೇಲಿನಿಂದ ಹಾಕಬೇಕಾದದ್ದು 19 ಲೀಟರ್ ಮಾತ್ರ. ಅಷ್ಟರಲ್ಲಿ ಕಾಂಕ್ರೀಟು ಬಿಗಿಯಾಗಿ ಕಾಣುತ್ತದೆ, ಗವಂಡಿ ಇನ್ನೊಂದು ಕೊಡ ಸುರಿಯಲು ನೋಡುತ್ತಾನೆ. ಸಡಿಲ ಬೇಕಾದರೆ ಪ್ಲಾಸ್ಟಿಸೈಸರ್ ಹಾಕಬೇಕು, ನೀರಲ್ಲ. ಅಳಿವೆಯ ಹತ್ತಿರದ ಉಪ್ಪು ರೇತಿ, ಸವಳು ಬಾವಿಯ ನೀರು ಎರಡನ್ನೂ ದೂರವಿಡಬೇಕು. ಉಪ್ಪು ಸೋರಿಕೆ ತರುವುದಿಲ್ಲ, ಸರಳು ತಿನ್ನುತ್ತದೆ.

ಜೋಡಣೆಗೆ ಬಂದರೆ, ತಳ ಹಾಕಿದ ಮರುದಿನವೇ ಕಿಕ್ಕರಿನ ತಲೆಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಹಾಲಿನ ಪದರ ಹೋಗಿ ಖಡಿ ಕಾಣುವ ಹಾಗೆ ಮಾಡಬೇಕು. ವಾಟರ್ ಸ್ಟಾಪಿನ ಕೆಳಗಿನ ಅರ್ಧ ಕಿಕ್ಕರಿನಲ್ಲಿ ಹೂತಿರಬೇಕು, ಮೇಲಿನ ಅರ್ಧವನ್ನು ಅದರ ಅಂಚಿನಲ್ಲಿ ಎರಡೂ ಬದಿಯ ಸರಳಿಗೆ ಬಿಗಿದು ಕಟ್ಟಬೇಕು. ನಡುವೆ ಮೊಳೆ ಹೊಡೆಯಬಾರದು. ತುಂಡು ಸೇರುವಲ್ಲಿ ಒಂದರ ಮೇಲೊಂದು ಇಟ್ಟರೆ ಸಾಲದು, ಬಿಸಿ ಮಾಡಿ ಬೆಸೆಯಬೇಕು. ನೀರಿಗೆ ಉಬ್ಬುವ ಬೆಂಟೊನೈಟ್ ಪಟ್ಟಿ ಕೂರಿಸುವುದು ಸುಲಭ, ಆದರೆ ಮೇ ತಿಂಗಳ ಅಡ್ಡಮಳೆಗೆ ಸಿಕ್ಕಿದರೆ ಕಾಂಕ್ರೀಟು ಹಾಕುವ ಮೊದಲೇ ಉಬ್ಬಿ ಮುಗಿದಿರುತ್ತದೆ. ಮಳೆಯ ಮುನ್ಸೂಚನೆ ಇದ್ದರೆ ನಾನು ಪಿವಿಸಿಯನ್ನೇ ಹಾಕುತ್ತೇನೆ.

ಶಟರಿಂಗ್ ಬಿಗಿಯಲು ಗೋಡೆಯ ಆರುಪಾರು ಹಾಕುವ ಪೈಪಿನ ತುಂಡುಗಳು ಇನ್ನೊಂದು ದಾರಿ. ನೀರಿನ ಗೋಡೆಯಲ್ಲಿ ಅವು ಬೇಡ. ಹಾಕಿದ್ದರೆ ಒಂದೊಂದನ್ನೂ ಲೆಕ್ಕ ಇಟ್ಟು ಕುಗ್ಗದ ಗ್ರೌಟಿನಿಂದ ಮುಚ್ಚಬೇಕು.

ಮೇಲಿನ ಟಾಂಕಿ, ಈಜುಕೊಳ

ಕಾಂಕ್ರೀಟಿನ ಮೇಲಿನ ಟಾಂಕಿಯಲ್ಲಿ ಹುಡುಕುವ ಕಷ್ಟವಿಲ್ಲ, ಹೊರಮೈ ಕಾಣುತ್ತದೆ. ತುಂಬಿಸಿ 7 ದಿನ ಬಿಟ್ಟು, ಮುಂದಿನ 7 ದಿನ ಹೊರಮೈ ಒಣಗಿಯೇ ಇದ್ದರೆ ಸರಿ. ಷರತ್ತು ಒಂದೇ, ಈ ಪರೀಕ್ಷೆ ಮುಗಿಯುವವರೆಗೆ ಹೊರಗೆ ಪ್ಲಾಸ್ಟರ್ ಮಾಡಬಾರದು. ಕೂದಲೆಳೆಯಂಥ ಬಿರುಕಿನಲ್ಲಿ ಬಿಳಿ ಸುಣ್ಣದ ಗೆರೆ ಕಟ್ಟಿ ತಾನಾಗಿ ನಿಲ್ಲುವುದುಂಟು. 0.2 ಮಿಲಿಮೀಟರಿಗಿಂತ ಸಣ್ಣ ಬಿರುಕಾದರೆ ಒಂದೆರಡು ವಾರ ಕಾದು ನೋಡಬಹುದು.

ಈಜುಕೊಳದಲ್ಲಿ ಆವಿಯ ಪಾಲನ್ನು ಕಳೆಯಬೇಕು. ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗೂ ಹೊರಗೂ ಒಂದೇ ಮಟ್ಟಕ್ಕೆ ನೀರಿರಲಿ. 24 ತಾಸಿನ ನಂತರ ಕೊಳದ ಮಟ್ಟ ಬಕೆಟ್ಟಿನದಕ್ಕಿಂತ ಎಷ್ಟು ಹೆಚ್ಚು ಇಳಿದಿದೆಯೋ ಅಷ್ಟು ಸೋರಿಕೆ. ಫಿಲ್ಟರ್ ಪಂಪು ನಡೆಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಅಳೆಯಿರಿ. ನಡೆದ ದಿನ ಹೆಚ್ಚು ಹೋದರೆ ದೋಷ ನೀರು ಮರಳಿ ಬರುವ ಪೈಪಿನಲ್ಲಿದೆ, ಕಾಂಕ್ರೀಟಿನಲ್ಲಲ್ಲ.

ಮಳೆಗಾಲದಲ್ಲಿ ಸಂಪನ್ನಾಗಲಿ ಕೊಳವನ್ನಾಗಲಿ ಪೂರ್ತಿ ಖಾಲಿ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಮಾಸ್ತರ ಸಂಪಿಗೆ ಗೋಡೆ ಮತ್ತು ತಳ 20 ಸೆಂಟಿಮೀಟರ್, ಮೇಲಿನ ಸ್ಲ್ಯಾಬ್ 15. ಕಾಂಕ್ರೀಟಿನ ತೂಕ ಸುಮಾರು 16.8 ಟನ್. ನೆಲದ ನೀರು ಸ್ಲ್ಯಾಬಿನ ಮಟ್ಟಕ್ಕೆ ಬಂದರೆ ಅದು ಮೇಲಕ್ಕೆ ಎತ್ತುವ ಬಲ ಸುಮಾರು 17.5 ಟನ್. ಖಾಲಿ ಸಂಪು ದೋಣಿಯ ಹಾಗೆ ಏಳಲು ನೋಡುತ್ತದೆ, ಸುತ್ತಲಿನ ಮಣ್ಣಿನ ಹಿಡಿತ ಮಾತ್ರ ತಡೆಯುತ್ತದೆ. ಮೇಲೆ ಸ್ಲ್ಯಾಬಿನ ಭಾರವೂ ಇಲ್ಲದ ಈಜುಕೊಳಕ್ಕೆ ಈ ಭಯ ಇನ್ನೂ ಹೆಚ್ಚು.

ರಿಪೇರಿಯ ನಂತರ ಮೇ ಕೊನೆಗೆ ಮತ್ತೆ 160ಕ್ಕೆ ತುಂಬಿಸಿದೆವು. ಮೊದಲ ವಾರ 22 ಮಿಲಿಮೀಟರ್ ಇಳಿಯಿತು, ಹೊಸ ಗಾರೆ ಕುಡಿದದ್ದೂ ಅದರಲ್ಲಿ ಸೇರಿದೆ. ಎರಡನೇ ವಾರ 9. ಜುಲೈ ಮಧ್ಯದಲ್ಲಿ, ಅಂಗಳದ ಬಾವಿಯಲ್ಲಿ ಕೈಗೆಟಕುವಷ್ಟು ನೀರಿದ್ದಾಗ, ಮಾಸ್ತರು ಫೋನ್ ಮಾಡಿದರು. ಸಂಪಿನಲ್ಲಿ 60 ಸೆಂಟಿಮೀಟರ್ ನೀರು ಉಳಿಸಿಕೊಂಡು ಮೂರು ದಿನ ಅಳೆದಿದ್ದರು. ಹೊರಗಿನ ಒತ್ತಡಕ್ಕೆ ಮಟ್ಟ ಏರಬೇಕಿತ್ತು, ಏರಲಿಲ್ಲ. ಅಕ್ಕೋರ ಪುಸ್ತಕದಲ್ಲಿ ಮೂರೂ ದಿನ 60 ಎಂದೇ ಇತ್ತು, ನೀರು ತಿಳಿಯಾಗಿತ್ತು.